ನೀರು ಬಿದ್ದ ಪುಟದ ಮೂರು ಖಾಲಿ ಮನೆಗಳು

ಹಾಲು ಶೀತಲೀಕರಣ ಕೇಂದ್ರವೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಮೊದಲ ಮಳೆಗಾಲ. ಚಾವಣಿ ಸೋರಿ ಮೇಜಿನ ಮೇಲಿದ್ದ ದೈನಂದಿನ ಪುಸ್ತಕ ನೆನೆಯಿತು. ಒಂದು ದಿನದ ಪುಟದಲ್ಲಿ ಶಾಯಿ ಹರಡಿ ಮೂರು ಮನೆಗಳು ಓದಲು ಬಾರದಂತಾದವು. ಬಟವಾಡೆಗೆ ಎರಡೇ ದಿನ ಉಳಿದಿತ್ತು. ಸಂಘಗಳ ಹೆಸರು ಬೇಡ, ಅಕ್ಷರ ಸಾಕು.

| ಸಂಘ | ಹಾಲು (ಕೆಜಿ) | ಫ್ಯಾಟ್ (ಶೇ.) |
|---|---|---|
| ಕ | 420 | 4.0 |
| ಖ | — | 3.8 |
| ಗ | — | — |
| ಘ | 360 | 4.2 |
| ಒಟ್ಟು / ಸರಾಸರಿ | 1500 | 4.1 |

ತೂಕ ಸುಲಭವಾಗಿ ಸಿಕ್ಕಿತು. 1500ರಲ್ಲಿ 420 ಮತ್ತು 360 ಕಳೆದರೆ ಖ, ಗ ಎರಡಕ್ಕೂ ಸೇರಿ 720 ಕೆಜಿ. ಅದನ್ನು ಪಾಲು ಮಾಡುವುದಕ್ಕೆ ಬೇರೆ ಕಾಗದ ಬೇಕು. ಲಾರಿ ಬಾಡಿಗೆಯನ್ನು ಹಾಲಿನ ತೂಕಕ್ಕೆ ತಕ್ಕಂತೆ ಹಂಚುತ್ತಿದ್ದೆವು. ಆ ದಿನ ಖ ಸಂಘಕ್ಕೆ 225 ರೂಪಾಯಿ, ಗ ಸಂಘಕ್ಕೆ 135 ರೂಪಾಯಿ ಬಿದ್ದಿತ್ತು. ಅಂದರೆ 5:3. 720ನ್ನು ಎಂಟು ಪಾಲು ಮಾಡಿದರೆ ಖ 450, ಗ 270. ಕ ಸಂಘದ ಬಾಡಿಗೆ 210 ರೂಪಾಯಿ ಇತ್ತು, ಕೆಜಿಗೆ ಐವತ್ತು ಪೈಸೆ. ಅದೇ ದರದಲ್ಲಿ 225 ರೂಪಾಯಿಗೂ 450 ಕೆಜಿಯೇ ಬಂದದ್ದರಿಂದ ನಿಶ್ಚಿಂತನಾದೆ.

ಎಡವಿದ್ದು ಫ್ಯಾಟ್‌ನಲ್ಲಿ. ಸರಾಸರಿ 4.1, ಸಂಘಗಳು ನಾಲ್ಕು, ಮೊತ್ತ 16.4; ಗೊತ್ತಿರುವ ಮೂರರ ಮೊತ್ತ 12; ಉಳಿದದ್ದು 4.4. ಹಾಗೆಯೇ ಬರೆದುಬಿಟ್ಟೆ. ಮಾರನೆಯ ದಿನ ಗ ಸಂಘದ ಕಾರ್ಯದರ್ಶಿ ಬಂದರು. "ಸ್ವಾಮಿ, ನಮ್ಮೂರಲ್ಲಿ ಎಮ್ಮೆಗಳೇ ಹೆಚ್ಚು. ನಮ್ಮ ಹಾಲು ನಾಲ್ಕೂವರೆಗಿಂತ ಕೆಳಗೆ ಇಳಿದದ್ದೇ ಇಲ್ಲ" ಎಂದರು. ಹಿಂದಿನ ಪುಟಗಳನ್ನು ತಿರುವಿದೆ. ಅವರ ಮಾತು ನಿಜವಾಗಿತ್ತು.

ನಮ್ಮ ಪುಸ್ತಕದ ಸರಾಸರಿ ನಾಲ್ಕು ಶೇಕಡಾಂಶಗಳ ಸರಾಸರಿಯಲ್ಲ. ಎಲ್ಲರ ಹಾಲೂ ಒಂದೇ ತೊಟ್ಟಿಗೆ ಬಿದ್ದ ಮೇಲೆ ಅದರಲ್ಲಿರುವ ಜಿಡ್ಡಿನ ಪ್ರಮಾಣ ಅದು. 450 ಕೆಜಿ ಕೊಟ್ಟವನ ತೆಳು ಹಾಲು 270 ಕೆಜಿ ಕೊಟ್ಟವನ ಗಟ್ಟಿ ಹಾಲಿಗಿಂತ ಹೆಚ್ಚು ಎಳೆಯುತ್ತದೆ. ಆದ್ದರಿಂದ ಶೇಕಡಾವನ್ನು ಮೊದಲು ಜಿಡ್ಡಿನ ಕೆಜಿಗೆ ಇಳಿಸಬೇಕು. ಕ 16.80, ಖ 17.10, ಘ 15.12, ಕೂಡಿದರೆ 49.02. ಒಟ್ಟು ಜಿಡ್ಡು 1500ಕ್ಕೆ 4.1ರಂತೆ 61.50. ಉಳಿದ 12.48 ಕೆಜಿ ಜಿಡ್ಡು 270 ಕೆಜಿ ಹಾಲಿನಲ್ಲಿ ಇರಬೇಕು. ಅಂದರೆ 4.62.

ಗೆದ್ದೆ ಎಂದುಕೊಂಡು ಮೇಲ್ವಿಚಾರಕಿಗೆ ತೋರಿಸಿದೆ. ಅವರು ಕೇಳಿದ್ದು ಒಂದೇ: "ಆ 4.1 ಎಷ್ಟು ನಿಖರ?" ಅದು ಒಂದು ದಶಾಂಶಕ್ಕೆ ದುಂಡಾಗಿಸಿದ ಅಂಕಿ. ನಿಜದಲ್ಲಿ 4.05ರಿಂದ 4.15ರವರೆಗೆ ಯಾವುದೂ ಆಗಿರಬಹುದು. 0.05 ಎಂದರೆ 1500 ಕೆಜಿಯಲ್ಲಿ ಮುಕ್ಕಾಲು ಕೆಜಿ ಜಿಡ್ಡು, ಆ ಮುಕ್ಕಾಲು ಕೆಜಿಯ ಅನುಮಾನವೆಲ್ಲ ಗ ಸಂಘದ 270 ಕೆಜಿಯ ಮೇಲೆಯೇ ಬೀಳುತ್ತದೆ. ಹಾಗಾಗಿ ನನ್ನ 4.62 ಎಂಬುದು ಸುಮಾರು 4.34ರಿಂದ 4.90ರ ನಡುವೆ ಎಲ್ಲಿ ಬೇಕಾದರೂ ಇರಬಹುದಿತ್ತು. ನನ್ನ ತಪ್ಪು 4.4 ಕೂಡ ಅದರೊಳಗೇ ಕೂತಿತ್ತು! ಖಾಲಿ ಮನೆಯ ಸಂಘ ಒಟ್ಟಿನಲ್ಲಿ ಎಷ್ಟು ಸಣ್ಣದೋ ಈ ಅನುಮಾನ ಅಷ್ಟು ಹಿಗ್ಗುತ್ತದೆ.

ಟ್ಯಾಂಕರ್ ಹೊರಡುವಾಗ ಬರೆಯುವ ಚೀಟಿಯಲ್ಲಿ ಒಟ್ಟು ಜಿಡ್ಡು ಕೆಜಿಯಲ್ಲಿಯೇ ಇತ್ತು, 61.44. ಅದರಲ್ಲಿ 49.02 ಕಳೆದರೆ 12.42, 270ರಿಂದ ಭಾಗಿಸಿದರೆ ಸರಿಯಾಗಿ 4.6. ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ, "ಕಳೆದು ಪಡೆದದ್ದು" ಎಂದು ಬರೆದು ಸಹಿ ಹಾಕಿದೆ. ಈ ಗುರುತು ಹಾಕಲೇಬೇಕು ಎಂಬುದು ಮೇಲ್ವಿಚಾರಕಿಯ ಹಟ, ಅದು ಸರಿಯೂ ಹೌದು. ಹೀಗೆ ತುಂಬಿದ ಪುಟದಲ್ಲಿ ಒಟ್ಟು ಯಾವಾಗಲೂ ತಾಳೆಯಾಗುತ್ತದೆ, ಒಟ್ಟಿನಿಂದಲೇ ತೆಗೆದದ್ದಲ್ಲವೇ. ಕ ಸಂಘದ 420ನ್ನು ಯಾರೋ ತಪ್ಪಾಗಿ ಲೀಟರಿನಲ್ಲಿ ಬರೆದಿದ್ದರೂ (ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ) ಆ ತಪ್ಪು ಸದ್ದಿಲ್ಲದೆ ಖ, ಗ ಸಂಘಗಳ ತಲೆಗೆ ಕಟ್ಟಿಕೊಳ್ಳುತ್ತದೆ. ಹಿಡಿಯಲು ಉಳಿಯುವುದು ಹೊರಗಿನ ಸಾಕ್ಷಿ ಮಾತ್ರ: ಬಾಡಿಗೆ ಚೀಟಿ, ಅಕ್ಕಪಕ್ಕದ ದಿನಗಳ ಅಂಕಿ, ಎಮ್ಮೆಗಳ ಲೆಕ್ಕ ಬಲ್ಲ ಕಾರ್ಯದರ್ಶಿ.

ಮುಂದಿನ ಪುಟ ಇನ್ನೂ ಕೆಟ್ಟಿತ್ತು. ಅಲ್ಲಿ ಖ, ಗ ಎರಡರ ಫ್ಯಾಟೂ ಅಳಿಸಿಹೋಗಿತ್ತು. ಮೊದಲ ಪುಟದ ಅಂಕಿಗಳಲ್ಲಿಯೇ ಯೋಚಿಸಿದರೆ, ಎರಡಕ್ಕೂ ಸೇರಿ 29.52 ಕೆಜಿ ಜಿಡ್ಡು ಉಳಿಯುತ್ತದೆ. 3.8 ಮತ್ತು 4.6 ಹಾಕಿದರೂ ಅಷ್ಟೇ ಬರುತ್ತದೆ, ಎರಡಕ್ಕೂ 4.1 ಹಾಕಿದರೂ ಅಷ್ಟೇ. ಲೆಕ್ಕಕ್ಕೆ ಯಾರ ಮೇಲೂ ಪ್ರೀತಿಯಿಲ್ಲ. ಆ ಎರಡು ಮನೆಗಳನ್ನು ಖಾಲಿ ಬಿಟ್ಟು, ಗ ಸಂಘದವರು ತಮ್ಮಲ್ಲಿ ಪರೀಕ್ಷೆ ಮಾಡಿ ಬರೆದಿಟ್ಟಿದ್ದ ಪುಸ್ತಕ ತರಿಸಿದೆವು. ಒಂದು ಸಿಕ್ಕರೆ ಇನ್ನೊಂದನ್ನು ಕಳೆದು ತೆಗೆಯಬಹುದು. ಆದರೂ ಖ ಸಂಘದ ಪುಸ್ತಕವನ್ನೂ ಕೇಳಿ ಪಡೆದೆವು, ತಾಳೆ ನೋಡಲು.