ತೂಕದ ಲೆಕ್ಕ ಕೇಳುವವರಿಗೆ

“ಏನೋ, ಎಷ್ಟು ಕೆಜಿ ಇಳಿದೆ? ವಾರಕ್ಕೆ ಇಷ್ಟು ಅಂತ ಟಾರ್ಗೆಟ್ ಇಟ್ಕೋಬಾರದಾ?”

ಇಟ್ಕೊಂಡಿದ್ದೆ, ಸ್ವಾಮಿ. ಇಪ್ಪತ್ತು ವಾರದಲ್ಲಿ ಹತ್ತು ಕೆಜಿ, ಅಂದ್ರೆ ವಾರಕ್ಕೆ ಅರ್ಧ ಕೆಜಿ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು.

ಆರನೇ ವಾರ ಒಂದು ಬೀಗರೂಟ. ಸೋಮವಾರ ಬೆಳಿಗ್ಗೆ ತೂಕದ ಮೆಷಿನ್ ಹತ್ತಿದರೆ 1.6 ಕೆಜಿ ಜಾಸ್ತಿ! ಆ ಸಿಟ್ಟಿಗೆ ಮಧ್ಯಾಹ್ನದ ಊಟ ಬಿಟ್ಟೆ. ಸಂಜೆ ನಾಲ್ಕಕ್ಕೆ ಹಸಿವು ತಡೆಯದೆ ನಾಲ್ಕು ಬೋಂಡ ತಿಂದೆ. ಬುಧವಾರದ ಹೊತ್ತಿಗೆ ನಡೆಯುವುದನ್ನೂ ಬಿಟ್ಟೆ. ಚಿಕ್ಕಪ್ಪ ಎಲ್ಲರೆದುರು ಈ ಪ್ರಶ್ನೆ ಕೇಳಿದ್ದು ಅದೇ ವಾರ.

ಆಮೇಲೆ ಕೂತು ಲೆಕ್ಕ ಹಾಕಿದೆ. ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ. 1.6 ಕೆಜಿ ಕೊಬ್ಬು ಕೂಡಬೇಕಾದರೆ ದಿನದ ಊಟದ ಮೇಲೆ ಇನ್ನೂ ಹನ್ನೆರಡು ಸಾವಿರ ಕ್ಯಾಲೊರಿ ತಿಂದಿರಬೇಕು. ನಾನು ಊಟದಲ್ಲಿ ಗಟ್ಟಿ, ಆದರೆ ಅಷ್ಟಿಲ್ಲ. ಏರಿದ್ದರಲ್ಲಿ ಬಹುಪಾಲು ನೀರು, ಮತ್ತೆ ಇನ್ನೂ ಹೊಟ್ಟೆಯಲ್ಲೇ ಇದ್ದ ಊಟ. ಉಪ್ಪು, ಅನ್ನ, ಮುದ್ದೆ ಜಾಸ್ತಿಯಾದರೆ ಮೈ ನೀರು ಹಿಡಿಯುತ್ತದೆ. ಹೀಗೆ ಒಂದೆರಡು ಕೆಜಿ ಏರುವುದು, ಇಳಿಯುವುದು ಮಾಮೂಲಿ. ಅದರ ನಡುವೆ ವಾರದ ಅರ್ಧ ಕೆಜಿ ಎಲ್ಲಿ ಕಾಣಬೇಕು? ಚೆನ್ನಾಗಿ ನಡೆದ ವಾರಕ್ಕೆ ಬೈಗುಳ ಸಿಗುತ್ತದೆ, ಸೋಮಾರಿ ವಾರಕ್ಕೆ ಶಭಾಷ್ ಸಿಗುತ್ತದೆ.

ಅದಕ್ಕೇ ಈಗ ನನ್ನ ಕೈಲಿರುವುದನ್ನು ಮಾತ್ರ ಎಣಿಸುತ್ತೇನೆ. ವಾರಕ್ಕೆ ಐದು ದಿನ ಅಮಾನಿಕೆರೆಯಲ್ಲಿ ಮುಕ್ಕಾಲು ಗಂಟೆ ನಡಿಗೆ. ರಾತ್ರಿ ಎರಡರ ಬದಲು ಒಂದೇ ಮುದ್ದೆ. ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಟಿಕ್. ಟಿಕ್ ಬಿತ್ತಾ ಇಲ್ವಾ ಅನ್ನೋದು ಅದೇ ರಾತ್ರಿ ಗೊತ್ತಾಗುತ್ತದೆ. ಒಂದು ದಿನ ತಪ್ಪಿದರೆ ಏನು ಮಾಡಬೇಕು ಅನ್ನೋದೂ ಗೊತ್ತು: ನಾಳೆ ಹೋಗಬೇಕು, ಅಷ್ಟೇ.

ಹಾಗಂತ ಮೆಷಿನ್ ಅಟ್ಟಕ್ಕೆ ಹಾಕಿಲ್ಲ. ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ತೂಕ ಬರೆದಿಟ್ಟು, ಏಳು ದಿನದ ಸರಾಸರಿ ತೆಗೆಯುತ್ತೇನೆ. ಈ ವಾರದ ಸರಾಸರಿಯನ್ನು ನಾಲ್ಕು ವಾರದ ಹಿಂದಿನದಕ್ಕೆ ಹೋಲಿಸುತ್ತೇನೆ. ಯಾಕಂದ್ರೆ ಟಿಕ್‌ಗಳೂ ಮೋಸ ಮಾಡುತ್ತವೆ. ಮೊದಲ ತಿಂಗಳು ಪೂರ್ತಿ ಟಿಕ್ ಬಿದ್ದರೂ ಸರಾಸರಿ ಇಳಿದದ್ದು ಬರೀ 200 ಗ್ರಾಂ. ಹುಡುಕಿದರೆ ಕಾರಣ ಕೆರೆಯ ಆಚೆ ಇತ್ತು. ನಡಿಗೆ ಮುಗಿಸಿ ಗೆಳೆಯನ ಜೊತೆ ದಿನಾ ಬೆಣ್ಣೆ ಹಾಕಿದ ಎರಡು ತಟ್ಟೆ ಇಡ್ಲಿ, ಮನೆಗೆ ಬಂದು ಮತ್ತೆ ತಿಂಡಿ! ಗುರಿ ಬದಲಿಸಲಿಲ್ಲ, ಹೋಟೆಲನ್ನು ಭಾನುವಾರಕ್ಕೆ ಸೀಮಿತ ಮಾಡಿದೆ. ಮುಂದಿನ ತಿಂಗಳು ಸರಾಸರಿ ಒಂದೂವರೆ ಕೆಜಿ ಇಳಿಯಿತು.

ಚಿಕ್ಕಪ್ಪ ಕೇಳಬೇಕಿದ್ದ ಪ್ರಶ್ನೆಯನ್ನು ಕೇಳುವವರು ಒಬ್ಬರೇ, ಕೆರೆ ಗೇಟಿನ ಹತ್ತಿರ ಎಳನೀರು ಮಾರುವ ಅಜ್ಜ. “ಈ ವಾರ ಎಷ್ಟು ದಿನ ಬಂದ್ಯಪ್ಪಾ?”

ಮೂರು, ಅಜ್ಜ. ಗುರುವಾರ ಮಳೆ. ಶುಕ್ರವಾರ ಸುಮ್ನೆ ಮಲಗಿಬಿಟ್ಟೆ.