ಅಂಕಪಟ್ಟಿ ಹಾಳೆ: 69 ಯಾಕೆ, 70 ಯಾಕಲ್ಲ?

ಮೊದಲ ಸೆಮಿಸ್ಟರಿನ ಎಕ್ಸೆಲ್ ಹಾಳೆ ಒಂದು ಹದಕ್ಕೆ ಬಂದಿದೆ. ಸರಾಸರಿ ಹೆಂಗ್ ಬರ್ತದ ಅಂತ ಸ್ಟಾಫ್ ರೂಮಿನಲ್ಲಿ ಸರ್‌ಗಳು, ಅಕ್ಕೋರು ಎಲ್ಲರೂ ಕೇಳುತ್ತಿದ್ದೀರಿ. ಅದಕ್ಕೇ ಇದು.

ನಮ್ಮ ಶಾಲೆಯಲ್ಲಿ ಎಫ್‌ಎ-1ಕ್ಕೆ 15, ಎಫ್‌ಎ-2ಕ್ಕೆ 15, ಎಸ್‌ಎ-1ಕ್ಕೆ 20 ವೇಟೇಜ್. ಒಟ್ಟು 50. ಆದರೆ ಪ್ರಶ್ನೆಪತ್ರಿಕೆಗಳು ಬೇರೆ ಬೇರೆ ಅಂಕದವು, ತೊಡಕು ಅಲ್ಲೇ ಇದೆ. ಏಳನೇ ತರಗತಿಯ ಒಬ್ಬ ಹುಡುಗಿಯ ಗಣಿತ ನೋಡಿ. ಅವಳಿಗೆ 20ಕ್ಕೆ 18, 25ಕ್ಕೆ 15, 40ಕ್ಕೆ 24 ಬಂದಿದೆ. ಸುಮ್ನೆ ಕೂಡಿಸಿದರೆ 85ಕ್ಕೆ 57, ಅಂದರೆ ಶೇ. 67. ಮೂರು ಶೇಕಡಾಗಳ ಸರಾಸರಿ ತೆಗೆದರೆ 70. ನಮ್ಮ ಲೆಕ್ಕ ಇವೆರಡೂ ಅಲ್ಲ. ಪ್ರತಿ ಅಂಕವನ್ನೂ ಅದರ ವೇಟೇಜಿಗೆ ಇಳಿಸಿದರೆ 13.5, 9, 12 ಬರುತ್ತದೆ. ಕೂಡಿದರೆ 50ಕ್ಕೆ 34.5, ಅಂದರೆ 69.

ಒಂದು ಅಂಕದ ವ್ಯತ್ಯಾಸ ತಾನೇ ಅನ್ನಬೇಡಿ. ನಮ್ಮಲ್ಲಿ 70ರಿಂದ ಎ ಗ್ರೇಡ್, ಅದಕ್ಕಿಂತ ಕೆಳಗೆ ಬಿ ಪ್ಲಸ್. ಕೆಲವರು 13.5 ಅನ್ನು ಆಗಲೇ 14 ಮಾಡಿಬಿಡುತ್ತಾರೆ. ಆಗ ಮೊತ್ತ 35, ಶೇಕಡಾ 70, ಹುಡುಗಿಗೆ ಎ! ದಶಮಾಂಶವನ್ನು ಕೊನೆಯವರೆಗೂ ಹಾಗೇ ಬಿಡಿ. ಹಾಳೆಯೂ ಕೊನೆಯಲ್ಲಿ ಒಂದೇ ಸಲ ಪೂರ್ಣಾಂಕ ಮಾಡುತ್ತದೆ. ಎರಡನೇ ಸಾಲಿನಲ್ಲಿ ವೇಟೇಜ್, ಮೂರನೇ ಸಾಲಿನಲ್ಲಿ ಗರಿಷ್ಠ ಅಂಕ, ಐದರಿಂದ ಮಕ್ಕಳು:

```
=ROUND(100*SUMPRODUCT(B5:D5/$B$3:$D$3,$B$2:$D$2)
 /SUMPRODUCT(--ISNUMBER(B5:D5),$B$2:$D$2),0)
```

ಕೆಳಗಿನ ಸಾಲು ಗೈರುಹಾಜರಿಗಾಗಿ. ಇದೇ ಹುಡುಗಿ ಜ್ವರ ಬಂದು ಎಫ್‌ಎ-2 ಬರೆದಿಲ್ಲ ಎಂದುಕೊಳ್ಳಿ. ಆ ಕೋಶವನ್ನು ಖಾಲಿ ಬಿಟ್ಟರೆ ಉಳಿದ 25.5 ಅನ್ನು 50ರ ಬದಲು 35ರಿಂದ ಭಾಗಿಸುತ್ತದೆ, 73 ಬರುತ್ತದೆ. ಅಲ್ಲಿ 0 ಹೊಡೆದರೆ 51ಕ್ಕೆ ಇಳಿಯುತ್ತದೆ. ಖಾಲಿ ಬೇರೆ, ಸೊನ್ನೆ ಬೇರೆ. `AB` ಎಂದು ಮಾತ್ರ ಬರೆಯಬೇಡಿ, ಆ ಸಾಲಿನಲ್ಲಿ `#VALUE!` ಬಂದು ಕೂರುತ್ತದೆ. ಖಾಲಿ ಬಿಟ್ಟ ಕಾರಣವನ್ನು ಪಕ್ಕದ ಷರಾ ಕಾಲಮಿನಲ್ಲಿ ಬರೆಯಿರಿ.

ಹೆಸರು ಬಿಡಿಸೋಕೆ ಹೊಲಕ್ಕೆ ಹೋದ ಮಕ್ಕಳದ್ದು ಇನ್ನೂ ತೀರ್ಮಾನ ಆಗಿಲ್ಲ. ನಮ್ಮ ಗದಗ ಕಡೆ ಎಫ್‌ಎ-2ರ ಹೊತ್ತಿಗೇ ಅದು ಬರುತ್ತದೆ, ಪ್ರತಿ ವರ್ಷ ಇದೇ ಗೋಳು. ಖಾಲಿ ಬಿಟ್ಟರೆ ಪರೀಕ್ಷೆ ಬರೆದವನಿಗಿಂತ ಬರೆಯದವನಿಗೇ ಜಾಸ್ತಿ ಬರಬಹುದು. ಸೊನ್ನೆ ಹಾಕಿದರೆ ಮನೆಯವರ ಜೊತೆ ದುಡಿದದ್ದಕ್ಕೆ ಶಿಕ್ಷೆ ಕೊಟ್ಟಂತೆ. ನನ್ನ ಪ್ರಕಾರ ಅಂಕಪಟ್ಟಿ ಕೊಡುವ ಮುಂಚೆ ಅವರಿಗೆ ಮರುಪರೀಕ್ಷೆ ಆಗಬೇಕು. ಹೆಡ್‌ಮಾಸ್ತರರು ಒಪ್ಪುವವರೆಗೆ ಆ ಕೋಶಗಳಿಗೆ ಹಳದಿ ಬಣ್ಣ ಹಾಕಿಟ್ಟಿದ್ದೇನೆ. ಹಳದಿ ಇರುವ ಸಾಲನ್ನು ಪ್ರಿಂಟ್ ತೆಗೆಯಬೇಡಿ.