ಇಸಾಪ್ ಮರುಲೆಕ್ಕದ ಹಾಳೆ: ಐದು ಶನಿವಾರಗಳ ದಿನಚರಿ

ಲೆಕ್ಕಪರಿಶೋಧನೆಗೆ ಹೋದಲ್ಲೆಲ್ಲ ಉದ್ಯೋಗಿಗಳ ಷೇರು ಆಯ್ಕೆ ಯೋಜನೆಯ, ಅಂದರೆ ಇಸಾಪ್‌ನ, ವೆಚ್ಚವನ್ನು ಕಂಪನಿ ಕೊಟ್ಟ ಹಾಳೆಯಲ್ಲೇ ಟಿಕ್ ಹಾಕುತ್ತಾ ಬಂದವನು ನಾನು. ಈ ಸಲ ನನ್ನದೇ ಹಾಳೆ ಕಟ್ಟಿ, ಮೊದಲಿನಿಂದ ಲೆಕ್ಕ ಹಾಕಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡೋಣ ಎನಿಸಿತು. ಪ್ರಯೋಗಕ್ಕೆ ಸಿಕ್ಕಿದ್ದು ಬೆಂಗಳೂರಿನ, ಷೇರುಪೇಟೆಯಲ್ಲಿ ನೋಂದಣಿಯಾಗದ ಒಂದು ಸಾಫ್ಟ್‌ವೇರ್ ಕಂಪನಿ. ಗುರುತು ಸಿಗದಂತೆ ಅಂಕಿಗಳನ್ನು ಬದಲಿಸಿದ್ದೇನೆ. 2024ರ ಏಪ್ರಿಲ್ 1ರಂದು 40,000 ಆಯ್ಕೆಗಳನ್ನು, ಅಂದರೆ ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಅವಕಾಶಗಳನ್ನು, ಕೊಟ್ಟಿದ್ದಾರೆ. ಒಂದೊಂದು ವರ್ಷ ಮುಗಿದಂತೆ 10,000 ಆಯ್ಕೆಗಳು ಉದ್ಯೋಗಿಗಳ ಹಕ್ಕಾಗುತ್ತವೆ. ಖರೀದಿ ಬೆಲೆ 10 ರೂಪಾಯಿ. ಲೆಕ್ಕಪತ್ರಗಳು ಇಂಥ ಯೋಜನೆಗಳಿಗಿರುವ ಭಾರತೀಯ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 102ರ ಪ್ರಕಾರ.

ಮೊದಲ ಶನಿವಾರ

ಆಯ್ಕೆಯ ಮೌಲ್ಯ ಕಂಡುಹಿಡಿಯುವ ಬ್ಲಾಕ್-ಶೋಲ್ಸ್ ಸೂತ್ರವನ್ನು ಹಾಳೆಗೆ ಹಾಕುವುದು ಒಂದು ಗಂಟೆಯ ಕೆಲಸ. ಉಳಿದ ದಿನವೆಲ್ಲ ಷೇರು ಬೆಲೆಯ ಏರಿಳಿತದ ದರದ ಹಿಂದೆ ಹೋಯಿತು. ಈ ಕಂಪನಿಯ ಷೇರು ಪೇಟೆಯಲ್ಲಿಲ್ಲವಾದ್ದರಿಂದ ಅದೇ ವ್ಯವಹಾರದ, ನೋಂದಣಿಯಾದ ಕಂಪನಿಗಳ ಬೆಲೆ ಇತಿಹಾಸ ಇಳಿಸಿಕೊಂಡು, ಸರಾಸರಿ ತೆಗೆದು, ಕಂಪನಿ ಬಳಸಿದ 42% ಸರಿಯೇ ಎಂದು ತಲೆ ಕೆಡಿಸಿಕೊಂಡೆ.

ಸಂಜೆ ಸುಮ್ಮನೆ ಕುತೂಹಲಕ್ಕೆ ಆ ದರವನ್ನು 30%ಗೆ ಇಳಿಸಿದೆ, ಆಮೇಲೆ 60%ಗೆ ಏರಿಸಿದೆ. ಷೇರಿನ ಬೆಲೆ 1,000 ರೂಪಾಯಿ, ಅವಧಿ 5 ವರ್ಷ, ಬಡ್ಡಿ 7% ಎಂದಿಟ್ಟುಕೊಂಡರೆ ಎರಡೂ ಸಲ ಉತ್ತರ 993 ರೂಪಾಯಿ. ವ್ಯತ್ಯಾಸ ಒಂದು ಪೈಸೆಯೂ ಇಲ್ಲ. ಖರೀದಿ ಬೆಲೆಯೂ 1,000 ಆಗಿದ್ದರೆ ಕತೆ ಬೇರೆ: 30%ಗೆ ಸುಮಾರು 400, 60%ಗೆ ಸುಮಾರು 584. ಆದರೆ ಹತ್ತು ರೂಪಾಯಿಗೆ ಸಾವಿರದ ಷೇರು ಕೊಡುವಾಗ ಅದು ಹೆಸರಿಗೆ ಮಾತ್ರ ಆಯ್ಕೆ, ನಿಜಕ್ಕೆ ಷೇರೇ. ಬೆಲೆ ಎಷ್ಟೇ ಕುಣಿದರೂ ಹತ್ತು ರೂಪಾಯಿಗಿಂತ ಕೆಳಗೆ ಬೀಳುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಒಂದು ಇಡೀ ಶನಿವಾರವನ್ನು ಏನೂ ಬದಲಿಸದ ಸಂಖ್ಯೆಗೆ ಕೊಟ್ಟಿದ್ದೆ.

ಎರಡನೆಯ ಶನಿವಾರ

ಹಾಗಾದರೆ ಎಲ್ಲವೂ ನಿಂತಿರುವುದು ಷೇರಿನ ಬೆಲೆಯ ಮೇಲೆ. ಕಂಪನಿ ತೆಗೆದುಕೊಂಡಿದ್ದು 800 ರೂಪಾಯಿ. ಕೇಳಿದರೆ ಮರ್ಚೆಂಟ್ ಬ್ಯಾಂಕರ್ ಕೊಟ್ಟ ಚೊಕ್ಕಟವಾದ ವರದಿಯನ್ನು ಮುಂದಿಟ್ಟರು. ದಿನಾಂಕ ನೋಡಿದೆ: 2023ರ ಸೆಪ್ಟೆಂಬರ್ 30. ಆ ವರದಿ ಮಾಡಿಸಿದ್ದು ಬೇರೆ ಕಾರಣಕ್ಕೆ. ಹಳೆಯ ಉದ್ಯೋಗಿಗಳು ಆಯ್ಕೆಗಳನ್ನು ಷೇರಾಗಿ ಪಡೆದುಕೊಂಡಾಗ ಅವರ ಸಂಬಳದ ಮೇಲಿನ ತೆರಿಗೆ ಲೆಕ್ಕ ಹಾಕಲು. ಆದಾಯ ತೆರಿಗೆ ನಿಯಮ ಅಲ್ಲಿ 180 ದಿನದವರೆಗಿನ ಹಳೆಯ ಮೌಲ್ಯವನ್ನು ಒಪ್ಪುತ್ತದೆ. ಲೆಕ್ಕಪತ್ರ ಮಾನದಂಡಕ್ಕೆ ಬೇಕಾದದ್ದು ಆಯ್ಕೆ ಕೊಟ್ಟ ದಿನದ ಬೆಲೆ.

ನಡುವೆ ಜನವರಿಯಲ್ಲಿ ಕಂಪನಿ ಹೊಸ ಬಂಡವಾಳ ಎತ್ತಿತ್ತು. ಹೂಡಿಕೆದಾರರು ಕೊಟ್ಟ ಬೆಲೆ 1,300 ರೂಪಾಯಿ. ಅದನ್ನೇ ಹಾಕಿಬಿಡೋಣ ಎಂದು ನನ್ನ ಕಿರಿಯ ಸಹೋದ್ಯೋಗಿ ಹೇಳಿದಳು. ಅದೂ ತಪ್ಪು. ಹೂಡಿಕೆದಾರರು ಕೊಂಡಿದ್ದು ಕಡ್ಡಾಯವಾಗಿ ಪರಿವರ್ತನೆಯಾಗುವ ಆದ್ಯತಾ ಷೇರು. ಕಂಪನಿ ಮಾರಾಟವಾದರೆ ಮೊದಲು ಅವರ ಹಣ ವಾಪಸು. ಉದ್ಯೋಗಿಗೆ ಸಿಗುವ ಸಾಮಾನ್ಯ ಷೇರಿಗೆ ಆ ರಕ್ಷಣೆ ಇಲ್ಲ, ಆದ್ದರಿಂದ ಅದರ ಬೆಲೆ ಕಡಿಮೆ ಇರಬೇಕು. ಹೊಸ ವರದಿ ಕೇಳಿದೆವು. ಎರಡು ವಾರ ಗೊಣಗಾಡಿದ ಮೇಲೆ ಬಂತು: ಏಪ್ರಿಲ್ 1ಕ್ಕೆ ಸಾಮಾನ್ಯ ಷೇರು 1,000 ರೂಪಾಯಿ. ಒಂದು ಆಯ್ಕೆಯ ನ್ಯಾಯಯುತ ಮೌಲ್ಯ 793 ಇದ್ದದ್ದು 993 ಆಯಿತು. ಒಟ್ಟು ವೆಚ್ಚ 3.17 ಕೋಟಿಯಿಂದ 3.97 ಕೋಟಿಗೆ ಏರಿತು.

ಮೂರನೆಯ ಶನಿವಾರ

ಇಂದು ವೆಚ್ಚವನ್ನು ವರ್ಷಗಳಿಗೆ ಹಂಚುವ ಭಾಗ. ಕಂಪನಿ ತನ್ನ ಹಳೆಯ 3.17 ಕೋಟಿಯನ್ನು ನಾಲ್ಕರಿಂದ ಭಾಗಿಸಿ ಮೊದಲ ವರ್ಷಕ್ಕೆ 79 ಲಕ್ಷ ಹಾಕಿತ್ತು. ಹಣಕಾಸು ವ್ಯವಸ್ಥಾಪಕರು ಮೊದಲು ಅಮೆರಿಕದ ಲೆಕ್ಕಪತ್ರ ನೋಡುತ್ತಿದ್ದವರು. ಅಲ್ಲಿ ಕೆಲಸದಲ್ಲಿ ಉಳಿಯಬೇಕೆಂಬ ಸೇವೆಯ ಷರತ್ತು ಮಾತ್ರ ಇದ್ದರೆ ಸಮಭಾಗ ಮಾಡಲು ಅವಕಾಶವಿದೆ. ಇಂಡ್ ಎಎಸ್‌ನಲ್ಲಿ ಇಲ್ಲ. ಇಲ್ಲಿ ಪ್ರತಿ ಕಂತೂ ಬೇರೆಯೇ ಒಂದು ಕೊಡುಗೆ. ಮೊದಲ 10,000ದ ವೆಚ್ಚ ಪೂರ್ತಿ ಮೊದಲ ವರ್ಷಕ್ಕೆ ಬೀಳುತ್ತದೆ. ಎರಡನೆಯದರಲ್ಲಿ ಅರ್ಧ, ಮೂರನೆಯದರಲ್ಲಿ ಮೂರನೇ ಒಂದು, ನಾಲ್ಕನೆಯದರಲ್ಲಿ ಕಾಲು ಭಾಗ. ಕೂಡಿಸಿದರೆ ಒಟ್ಟು ವೆಚ್ಚದ 52.08% ಮೊದಲ ವರ್ಷಕ್ಕೇ ಬರುತ್ತದೆ. ಮುಂದಿನ ವರ್ಷಗಳಿಗೆ 27.08, 14.58 ಮತ್ತು 6.25.

ಹಾಳೆಯಲ್ಲಿ ಒಂದು ಕಂತಿಗೆ ಒಂದು ಸಾಲು:

```
=C2*D2*MIN(1,F2/E2)-G2
```

C2 ಹಕ್ಕಾಗಲಿವೆ ಎಂದು ಅಂದಾಜಿಸಿದ ಆಯ್ಕೆಗಳು, D2 ಕೊಟ್ಟ ದಿನದ ಮೌಲ್ಯ, E2 ಕಾಯಬೇಕಾದ ತಿಂಗಳುಗಳು, F2 ಕಳೆದ ತಿಂಗಳುಗಳು, G2 ಹಿಂದಿನ ವರ್ಷಗಳಲ್ಲಿ ಆಗಲೇ ತೋರಿಸಿದ ವೆಚ್ಚ. ಯಾರೂ ಬಿಟ್ಟುಹೋಗುವುದಿಲ್ಲ ಎಂದುಕೊಂಡರೆ 2.07 ಕೋಟಿ. 79 ಲಕ್ಷದ ಪಕ್ಕದಲ್ಲಿ ಆ ಸಂಖ್ಯೆ ನೋಡಿ ಸೂತ್ರವೇ ತಪ್ಪಿರಬೇಕೆಂದು ಮೂರು ಸಲ ಕೈಯಲ್ಲಿ ಕೂಡಿಸಿದೆ. ತಪ್ಪಿರಲಿಲ್ಲ.

ನಾಲ್ಕನೆಯ ಶನಿವಾರ

C2 ಎಲ್ಲಿಂದ ಬರುತ್ತದೆ ಎಂಬುದು ಇಂದಿನ ಕೆಲಸ. ಹಣಕಾಸು ವಿಭಾಗದ ಪಟ್ಟಿಯನ್ನು ಮಾನವ ಸಂಪನ್ಮೂಲ ವಿಭಾಗದ ಪಟ್ಟಿಯೊಂದಿಗೆ ಉದ್ಯೋಗಿ ಸಂಖ್ಯೆಯ ಮೇಲೆ ಹೊಂದಿಸಿದೆ. ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟು ಮೇ ತಿಂಗಳಿನಲ್ಲಿ ಹೊರಡಲಿರುವವರು ಹಣಕಾಸಿನ ಪಟ್ಟಿಯಲ್ಲಿ ನಾಲ್ಕೂ ವರ್ಷ ಇರುತ್ತಾರೆ. ಅವರ ಮುಂದಿನ ಮೂರು ಕಂತುಗಳನ್ನು ಮಾರ್ಚ್ 31ಕ್ಕೇ ತೆಗೆಯಬೇಕು.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಸಿಕ್ಕಿತು. 2021ರಲ್ಲಿ ಹಳೆಯ ಆಯ್ಕೆಗಳನ್ನು ಪಡೆದವರಲ್ಲಿ ಮೂವರು ಕೆಲಸ ಬಿಟ್ಟಿದ್ದರು. ಆ ಆಯ್ಕೆಗಳು ಆಗಲೇ ಅವರ ಹಕ್ಕಾಗಿದ್ದವು. ಯೋಜನೆಯ ಪ್ರಕಾರ ಇದ್ದ 90 ದಿನದ ಗಡುವಿನೊಳಗೆ ಅವರು ಹಣ ಕಟ್ಟದ್ದರಿಂದ ಅವು ರದ್ದಾದವು. ಕಂಪನಿ ಅವುಗಳ 9 ಲಕ್ಷ ವೆಚ್ಚವನ್ನು ವಾಪಸು ತೆಗೆದು ಲಾಭಕ್ಕೆ ಸೇರಿಸಿತ್ತು. ಹಕ್ಕಾಗುವ ಮೊದಲೇ ಬಿಟ್ಟುಹೋದರೆ ವೆಚ್ಚ ತಿರುಗಿಸಬಹುದು, ಹಕ್ಕಾದ ಮೇಲೆ ಇಲ್ಲ. ಉದ್ಯೋಗಿ ದುಡಿದು ಕೊಟ್ಟಾಗಿದೆ. ಬೇಕಿದ್ದರೆ ಈಕ್ವಿಟಿಯ ಒಳಗೇ ಒಂದು ಮೀಸಲಿನಿಂದ ಇನ್ನೊಂದಕ್ಕೆ ವರ್ಗಾಯಿಸಿಕೊಳ್ಳಲಿ. ಪಟ್ಟಿಯಲ್ಲಿ ಎರಡೂ ಬಗೆಯವರ ಷರಾ ಅಂಕಣದಲ್ಲಿ ‘ಬಿಟ್ಟುಹೋದರು’ ಎಂದೇ ಇರುವುದರಿಂದ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಹಕ್ಕಾದ ದಿನಾಂಕದ ಅಂಕಣವನ್ನು ಪಕ್ಕಕ್ಕೆ ತಂದಾಗಲೇ ಕಂಡಿತು.

ಐದನೆಯ ಶನಿವಾರ

ಹಿರಿಯ ಐವರಿಗೆ ಇನ್ನೂ 5,000 ಆಯ್ಕೆಗಳಿವೆ. 2026-27ರಲ್ಲಿ ವರಮಾನ 200 ಕೋಟಿ ದಾಟಿದರೆ ಮಾತ್ರ ಅವು ಸಿಗುತ್ತವೆ. ಗುರಿ ಮುಟ್ಟುವ ಸಾಧ್ಯತೆ ಅರ್ಧಕ್ಕರ್ಧ ಎಂದು ಕಂಪನಿ ಆಯ್ಕೆಯ ಮೌಲ್ಯವನ್ನೇ ಅರ್ಧ ಮಾಡಿತ್ತು. ಗುರಿ ಷೇರಿನ ಬೆಲೆಯದ್ದಾಗಿದ್ದರೆ ಅದನ್ನು ಮೌಲ್ಯದೊಳಗೆ ಸೇರಿಸಬೇಕಿತ್ತು, ಆಗ ಗುರಿ ತಪ್ಪಿದರೂ ವೆಚ್ಚ ಲೆಕ್ಕದಲ್ಲಿ ಹಾಗೇ ಇರುತ್ತಿತ್ತು. ವರಮಾನದ ಗುರಿ ಹಾಗಲ್ಲ. ಮೌಲ್ಯ ಪೂರ್ತಿ ಇರುತ್ತದೆ, ಬದಲಾಗುವುದು ಎಷ್ಟು ಆಯ್ಕೆಗಳು ಹಕ್ಕಾಗುತ್ತವೆ ಎಂಬ ಅಂದಾಜು. ಐವರಿಗೂ ಗುರಿ ಒಂದೇ ಆದ್ದರಿಂದ ಅದು ಐದು ಸಾವಿರ ಅಥವಾ ಸೊನ್ನೆ. ಎರಡೂವರೆ ಸಾವಿರ ಯಾವತ್ತೂ ಆಗದು.

ಹಾಗಾದರೆ ಯಾವುದು? ಎರಡನೆಯ ಶನಿವಾರ ಹೇಳಿದ ಹೊಸ ವರದಿಯನ್ನು ಮತ್ತೆ ತೆರೆದೆ. 1,000 ರೂಪಾಯಿಯ ಬೆಲೆ ನಿಂತಿರುವ ಮುನ್ನೋಟದಲ್ಲಿ 2026-27ರ ವರಮಾನ 230 ಕೋಟಿ. ಅದೇ ಆಡಳಿತ ಮಂಡಳಿ ಇಲ್ಲಿ 200 ಕೋಟಿಗೇ ಅನುಮಾನ ಪಡುತ್ತಿದೆ. ಸೋಮವಾರ ಎರಡೂ ಪುಟಗಳನ್ನು ಮೇಜಿನ ಮೇಲಿಟ್ಟು ಕೇಳಿದೆ.

"ಸರ್, ಅದು ಹೂಡಿಕೆದಾರರಿಗೆ ತೋರಿಸುವ ಲೆಕ್ಕ. ಇದು ನಮ್ಮ ಲೆಕ್ಕ," ಎಂದರು ವ್ಯವಸ್ಥಾಪಕರು, ಯಾವ ಮುಜುಗರವೂ ಇಲ್ಲದೆ.

"ನಿಮ್ಮ ಲೆಕ್ಕವೇ ನಿಜವಾದರೆ ಸಾವಿರ ರೂಪಾಯಿಯೂ ಇಳಿಯಬೇಕಲ್ಲ?" ಎಂದೆ.

ಅವರು ಸ್ವಲ್ಪ ಹೊತ್ತು ಪುಟ ತಿರುವುತ್ತಾ ಕುಳಿತರು. ಬುಧವಾರ ಮಿಂಚಂಚೆ ಬಂತು: ಗುರಿ ಮುಟ್ಟುವುದು ಸಂಭವನೀಯ, ಆಡಳಿತ ಮಂಡಳಿ ಒಪ್ಪಿದ ಮುಂಗಡಪತ್ರ ಲಗತ್ತಿಸಿದೆ. 5,000 ಆಯ್ಕೆಗಳು, 993 ರೂಪಾಯಿಯಂತೆ, ಮೂರು ವರ್ಷಕ್ಕೆ ಹಂಚಿ ಮೊದಲ ವರ್ಷ 16.55 ಲಕ್ಷ. ಹಾಳೆಗೆ ಐದನೆಯ ಸಾಲು ಸೇರಿಸಿ, ಆ ಮುಂಗಡಪತ್ರದ 2026-27ರ ಪುಟವನ್ನು ಮುಂದಿನ ಮಾರ್ಚ್‌ಗೆಂದು ಕಡತದಲ್ಲಿ ಮೇಲೆಯೇ ಇಟ್ಟಿದ್ದೇನೆ.